ಮೂರು ನಿಮಿಷದ ಫ್ರೀ ಆಡಿಟ್

ಮೊದಲೆಲ್ಲ ನನ್ನ ವೆಬ್‌ಸೈಟ್ ಕೆಲಸಕ್ಕೆ ಹೊಸ ಗಿರಾಕಿ ಹುಡುಕುವಾಗ, ಅವರ ಸೈಟಿನ ತಪ್ಪುಗಳ ಬಗ್ಗೆ ಟೂಲ್‌ನಿಂದ ತೆಗೆದ ಉದ್ದದ ರಿಪೋರ್ಟ್ ಕಳಿಸುತ್ತಿದ್ದೆ. ಒಬ್ಬರೂ ಉತ್ತರ ಕೊಡುತ್ತಿರಲಿಲ್ಲ. ಕೊಡೋದಾದರೂ ಯಾಕೆ, ನಾನೇ ಅದನ್ನು ಪೂರ್ತಿ ಓದಿರಲಿಲ್ಲ!

ಈ ಸಲ ಪೀಠೋಪಕರಣ ಮಾರುವ ಒಂದು ಸೈಟನ್ನು ಫೋನಿನಲ್ಲಿ ತೆರೆದು, ಕೊಳ್ಳುವವರ ಹಾಗೆ ವಿಚಾರಣೆ ಫಾರ್ಮ್ ತುಂಬಿದೆ. 'ಕಳಿಸಿ' ಬಟನ್ ಮೇಲೆ ಚಾಟ್ ಐಕಾನ್ ಕೂತಿತ್ತು. ಒತ್ತಿದರೆ ಚಾಟ್ ತೆರೆಯುತ್ತದೆ, ಫಾರ್ಮ್ ಹೋಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ. ಅದಕ್ಕೇ ಮಾಲೀಕರ ಕಣ್ಣಿಗೆ ಬಿದ್ದಿಲ್ಲ. ಇದನ್ನು ಮೂರು ನಿಮಿಷದ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ ಅವರಿಗೆ ಕಳಿಸಿದೆ. ಫೋನಿನಲ್ಲಿ ಐಕಾನನ್ನು ಮೇಲಕ್ಕೆ ಸರಿಸಿದರೆ ಸಾಕು, ನಿಮ್ಮ ಹುಡುಗರೇ ಮಾಡಬಹುದು ಅಂತಲೂ ಹೇಳಿದೆ. ರೋಗ ಹೇಳಿ ಮದ್ದು ಮುಚ್ಚಿಟ್ಟರೆ ಅದು ಸುಮ್ನೆ ಹೆದರಿಸಿದ ಹಾಗೆ, ಅಲ್ವಾ?

'ಇದರಿಂದ ಇಷ್ಟು ಆರ್ಡರ್ ತಪ್ಪಿದೆ' ಅಂತ ಬರೆಯಲು ಕೈ ತುರಿಸಿತು. ಅವರ ಲೆಕ್ಕ ನೋಡದೆ ಹೇಳಿದರೆ ಬರೀ ಊಹೆ. ಬಿಟ್ಟೆ.

ಸಂಜೆ ಉತ್ತರ ಬಂತು: "ಸರಿ ಮಾಡಿದೆವು. ಆದರೆ ಫಾರ್ಮ್ ಬಂದಮೇಲೆ ನಮ್ಮಲ್ಲಿ ಅದು ಯಾರ ಕೈಗೆ ಹೋಗುತ್ತೆ ಅನ್ನೋದೇ ಗೋಜಲು. ನೋಡ್ತೀರಾ ಸರ್?"

ಅದಕ್ಕೆ ದರ ಹೇಳಿದೆ.