ಮೀಟರಿನಲ್ಲಿ ಎರಡು ಹಳದಿ ದೀಪ

ಬಾಗಲಕೋಟೆ, ನವನಗರ
19 ಜನವರಿ 2025, ರವಿವಾರ

ರವಿವಾರ ಗ್ಯಾರೇಜು ಅರ್ಧ ದಿನ ಮಾತ್ರ. ಆದರೆ ಬೀಳಗಿ ಕಡೆಯ ಮಾಸ್ತರರ ಕಾರು ಇವತ್ತೇ ಮುಗಿಸಬೇಕಿತ್ತು. ಈಗ ಕಬ್ಬಿನ ಸೀಜನ್. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ದಿನಾ ಹೋಗಿಬರುವವರು ಅವರು. ಜೋರಾಗಿ ಬ್ರೇಕ್ ತುಳಿದರೂ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್ ಕೆಲಸ ಮಾಡದ ಗಾಡಿಯಲ್ಲಿ ಅವರನ್ನು ಕಳಿಸಲು ನನಗೆ ಮನಸ್ಸಾಗಲಿಲ್ಲ.

ಮೀಟರಿನಲ್ಲಿ ಎಬಿಎಸ್ ದೀಪ, ಅದರ ಪಕ್ಕದಲ್ಲೇ ಜಾರುವ ಗಾಡಿಯ ಚಿತ್ರದ ಟ್ರ್ಯಾಕ್ಷನ್ ದೀಪ, ಎರಡೂ ಒಟ್ಟಿಗೆ ಹತ್ತುತ್ತಿದ್ದವು. ಬೇರೊಂದು ಕಡೆ ಬಲ ಮುಂದಿನ ಚಕ್ರದ ಸೆನ್ಸರ್ ಬದಲಿಸಿದ್ದರಂತೆ. ಎರಡು ದಿನ ಸುಮ್ಮನಿದ್ದು ದೀಪಗಳು ಮತ್ತೆ ಹತ್ತಿವೆ.

"ಎರಡೂ ಒಮ್ಮೆಗೇ ಕೆಟ್ಟಾವೇನ್ ತಮ್ಮಾ?" ಅಂದರು.

"ಇಲ್ರಿ ಸರ್, ಕೆಟ್ಟಿದ್ದು ಒಂದ ಇರಬೇಕ್ರಿ. ಎರಡಕ್ಕೂ ಸುದ್ದಿ ಹೋಗೂದು ಅಲ್ಲಿಂದಾನ."

ನಾಲ್ಕು ಚಕ್ರಗಳ ವೇಗ ಒಂದೇ ಕಂಟ್ರೋಲ್ ಯೂನಿಟ್‌ಗೆ ಹೋಗುತ್ತದೆ. ಬ್ರೇಕ್ ಹಿಡಿದಾಗ ಯಾವ ಚಕ್ರ ಲಾಕ್ ಆಗುತ್ತಿದೆ ಅಂತ ಎಬಿಎಸ್ ನೋಡುವುದೂ, ಆಕ್ಸಿಲೇಟರ್ ಒತ್ತಿದಾಗ ಯಾವ ಚಕ್ರ ಸುಮ್ನೆ ತಿರುಗುತ್ತಿದೆ ಅಂತ ಟ್ರ್ಯಾಕ್ಷನ್ ನೋಡುವುದೂ ಅದೇ ಲೆಕ್ಕದಿಂದ. ಒಂದು ಚಕ್ರದ ಸುದ್ದಿ ನಿಂತರೆ ಯೂನಿಟ್ ಎರಡನ್ನೂ ಬಂದ್ ಮಾಡುತ್ತದೆ. ಮಾಮೂಲಿ ಬ್ರೇಕ್ ಇರುತ್ತದೆ. ಆದರೆ ಜೋರಾಗಿ ತುಳಿದರೆ ಚಕ್ರ ಲಾಕ್ ಆಗಬಹುದು. ಇದರ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಮಾತ್ರ ಗಾಡಿ ಓಡಿಸಲೇಬಾರದು.

ಎಬಿಎಸ್ ಓದುವ ಸ್ಕ್ಯಾನರ್ ಹಾಕಿದೆ. ಇಂಜಿನ್ ಕೋಡ್ ಮಾತ್ರ ತೋರಿಸುವ ಅಗ್ಗದ್ದು ಇದಕ್ಕೆ ಆಗುವುದಿಲ್ಲ. C0040 ಬಂತು, ಬಲ ಮುಂದಿನ ಚಕ್ರದ ಸೆನ್ಸರ್ ಸರ್ಕ್ಯೂಟ್. ಆ ಹೆಸರಿನಲ್ಲಿ 'ಸೆನ್ಸರ್' ಓದಿ, ವೈರನ್ನೂ ಸೇರಿಸಿ ಹೇಳುವ 'ಸರ್ಕ್ಯೂಟ್' ಬಿಟ್ಟರೆ ಹೊಸ ಸೆನ್ಸರ್ ಖರ್ಚು ಬೀಳುತ್ತದೆ, ಅಲ್ವಾ?

ನಮ್ಮ ಹುಡುಗನಿಗೆ ಸ್ಟೇರಿಂಗ್ ಕೊಟ್ಟು ನಾನು ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕುಳಿತೆ. ಗದ್ದನಕೇರಿ ಕಡೆ ನೇರ ರಸ್ತೆಯಲ್ಲಿ ನಾಲ್ಕೂ ಚಕ್ರ 30 ಕಿ.ಮೀ. ತೋರಿಸಿದವು. ಎಡಕ್ಕೆ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿಸಿದೆ. ಬಲ ಮುಂದಿನದು ಒಮ್ಮೆಲೇ 0 ಆಯಿತು, ಎರಡೂ ದೀಪ ಹತ್ತಿದವು. ಸೆನ್ಸರ್ ಅಥವಾ ಅದು ಓದುವ ಬೇರಿಂಗಿನ ಮ್ಯಾಗ್ನೆಟ್ ರಿಂಗ್ ಕೆಟ್ಟಿದ್ದರೆ ಸ್ಟೇರಿಂಗ್ ತಿರುಗಿಸಿದಾಗಲೇ ಹೀಗೆ ಆಗುವುದು ಅಪರೂಪ. ಸ್ಟೇರಿಂಗ್ ಜೊತೆ ಬಾಗುವುದು ವೈರ್.

ಗಾಡಿ ಎತ್ತಿ ಚಕ್ರ ಬಿಚ್ಚಿದೆ. ಇದು ಎರಡು ವೈರಿನ ಆಕ್ಟಿವ್ ಸೆನ್ಸರ್, ಕರೆಂಟ್ ಕೊಟ್ಟರೆ ಮಾತ್ರ ಕೆಲಸ ಮಾಡುತ್ತದೆ. ಹಳೇ ಕಾಯಿಲ್ ಸೆನ್ಸರಿನಂತೆ ಇದರ ಓಮ್ಸ್ ಅಳೆದು ಏನೂ ತಿಳಿಯುವುದಿಲ್ಲ. ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಗಾಡಿ ಕಡೆಯ ಪಿನ್ನುಗಳಿಗೆ ಮಲ್ಟಿಮೀಟರ್ ಹಚ್ಚಿ ವೋಲ್ಟೇಜ್ ನೋಡಿದೆ. 11.8. ಸರಿಯಾಗೇ ಇದೆ!

ಇಲ್ಲೇ ಮೋಸ ಹೋಗುವುದು. ತಾಮ್ರದ ಎಳೆಗಳೆಲ್ಲ ಕಡಿದು ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಬ್ಯಾಟರಿ ನೆಗೆಟಿವ್ ತೆಗೆದು, ಎಬಿಎಸ್ ಯೂನಿಟ್ ಕಡೆಯ ಕನೆಕ್ಟರನ್ನೂ ಬಿಚ್ಚಿ, ಒಂದೊಂದೇ ವೈರಿಗೆ ಮೀಟರ್ ಹಚ್ಚಿದೆ. ಸುಮ್ಮನಿದ್ದಾಗ ಎರಡೂ 1 ಓಮಿಗಿಂತ ಕಡಿಮೆ. ಹುಡುಗ ಸ್ಟೇರಿಂಗ್ ಎಡಕ್ಕೆ ತಿರುಗಿಸಿದ. ಒಂದು ವೈರ್ ಓಪನ್. ಬಲಕ್ಕೆ ತಂದ ಕೂಡಲೇ ಮತ್ತೆ ಸೇರಿತು. ಮೂರು ಸಲ ಮಾಡಿಸಿದೆ, ಮೂರೂ ಸಲ ಹಾಗೇ.

ಮೇಲಿನ ಸಿಪ್ಪೆ ಚೆನ್ನಾಗಿಯೇ ಇತ್ತು. ಬೆರಳಿನಲ್ಲಿ ಬಾಗಿಸುತ್ತ ಹೋದರೆ ಶಾಕ್ ಅಬ್ಸಾರ್ಬರ್ ಹತ್ತಿರ ಒಂದು ಕಡೆ ವೈರ್ ಮೆತ್ತಗಾಯಿತು. ಅಲ್ಲಿ ಸಿಪ್ಪೆ ಸೀಳಿ ನೋಡಿದೆ. ಒಳಗೆ ತಾಮ್ರ ಹಸಿರುಗಟ್ಟಿ ತುಂಡಾಗಿತ್ತು. ಮಾಸ್ತರರನ್ನು ಕೇಳಿದರೆ ಹೋದ ವರ್ಷ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದ್ದಾರೆ. ವೈರನ್ನು ಹಿಡಿಯುವ ಕ್ಲಿಪ್ ತಿರುಗಿ ಕೂಡಿಸಿಲ್ಲ. ವೈರಿನಲ್ಲಿ ಇರಬೇಕಾದ ಸಡಿಲು ಕ್ಲಿಪ್ ಇಲ್ಲದೆ ಬೇರೆ ಕಡೆ ಸರಿದಿದೆ. ಪ್ರತಿ ತಿರುವಿನಲ್ಲೂ ಅದೇ ಜಾಗ ಜಗ್ಗಿದೆ.

ಬಾಗುವ ಜಾಗದಲ್ಲಿ ಬೆಸುಗೆ ಹಾಕಲಿಲ್ಲ, ಬೆಸುಗೆಯ ಅಂಚಿನಲ್ಲಿ ಮತ್ತೆ ಕಡಿಯುತ್ತದೆ. ಹೊಸ ವೈರಿಂಗ್ ತುಂಡು ಹಾಕುವುದೇ ಒಳ್ಳೆಯದು, ಆದರೆ ಇಲ್ಲಿ ಸಿಗಲಿಲ್ಲ. ಕೆಟ್ಟ ಭಾಗ ಪೂರ್ತಿ ತೆಗೆದು, ಸಣ್ಣ ಎಳೆಗಳ ಮೆತ್ತನೆ ವೈರ್ ಎರಡನ್ನು ಮೊದಲಿನಂತೆ ಹೆಣೆದು ಹಾಕಿದೆ. ಜೋಡಣೆ ಗಾಡಿಯ ಬಾಡಿಗೆ ಅಂಟಿಕೊಂಡ, ಅಲುಗಾಡದ ಜಾಗದಲ್ಲಿ ಬರುವಂತೆ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿದೆ. ಹೊಸ ಕ್ಲಿಪ್ ಹಾಕಿದೆ.

ಕೋಡ್ ಅಳಿಸಿ ಅದೇ ರಸ್ತೆಯಲ್ಲಿ ಎಡ ಬಲ ಸುತ್ತು ಹಾಕಿದೆವು. ನಾಲ್ಕೂ ಚಕ್ರ ಜೊತೆಗೇ ಓಡಿದವು, ಒಂದೂ ಸೊನ್ನೆಗೆ ಬೀಳಲಿಲ್ಲ.

ಬಂದ ಮೇಲೆ ಎಡಗಡೆ ಚಕ್ರವನ್ನೂ ಬಿಚ್ಚಿದೆ. ಅಲ್ಲೂ ಕ್ಲಿಪ್ ಇರಲಿಲ್ಲ. ಸಿಪ್ಪೆ ಒಂದು ಕಡೆ ಉಜ್ಜಿ ಹೊಳೆಯುತ್ತಿತ್ತು, ತಾಮ್ರ ಇನ್ನೂ ಗಟ್ಟಿ ಇತ್ತು. ಮಾಸ್ತರರನ್ನು ಕರೆದು ತೋರಿಸಿ, ಅದಕ್ಕೂ ಕ್ಲಿಪ್ ಹಾಕಿ ಚಕ್ರ ಕೂಡಿಸಿದೆ.