ಪೀರಿಯಡ್ಸ್ ಮಾತ್ರೆ ಮಾತ್ರೆ ಅಲ್ವಾ?

"ಯಾವುದಾದ್ರೂ ಮಾತ್ರೆ ತಗೋತಿದ್ದೀಯಾಮ್ಮ?"

"ಇಲ್ಲ ಡಾಕ್ಟ್ರೇ."

"ಪೀರಿಯಡ್ಸ್‌ಗೂ ಏನೂ ಇಲ್ವಾ?"

ತಂಗಿ ನನ್ನ ಮುಖ ನೋಡಿದಳು. "ಅದಾ? ಅದು ಒಂದು ವರ್ಷದಿಂದ ತಗೋತಿದ್ದೀನಿ."

ಸೋಮವಾರದಿಂದ ಈ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಅದಕ್ಕೂ ಮೊದಲು ಹತ್ತು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ತೂಕ ಜಾಸ್ತಿಯಾಗಿದೆ ಅಂತ ಬೇರೊಂದು ಆಸ್ಪತ್ರೆಗೆ ಹೋಗಿದ್ದಳು. ಬೆಳಿಗ್ಗೆ 8 ಗಂಟೆಗೆ ರಕ್ತದಲ್ಲಿ ಕಾರ್ಟಿಸಾಲ್ ಅನ್ನೋ ಹಾರ್ಮೋನ್ 36 ಬಂತು, ಆ ಲ್ಯಾಬ್‌ನ ಮೇಲಿನ ಮಿತಿ 22. ಕಾರ್ಟಿಸಾಲ್ ಇಳಿಸುವ ಡೆಕ್ಸಾಮೆಥಸೋನ್ ಮಾತ್ರೆಯನ್ನು ರಾತ್ರಿ 1 ಮಿಲಿಗ್ರಾಂ ನುಂಗಿಸಿ ಬೆಳಿಗ್ಗೆ ಮತ್ತೆ ನೋಡಿದರು. 1.8ಕ್ಕಿಂತ ಕೆಳಗೆ ಇಳಿಯಬೇಕಿತ್ತು, 4.2 ಇತ್ತು. ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ಸ್ ಕಾಯಿಲೆ ಇರಬಹುದು, ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಅಂದುಬಿಟ್ಟರು. ಅಮ್ಮ ಆವತ್ತೇ ದೇವರಿಗೆ ಹರಕೆ ಹೊತ್ತರು.

ಈ ಡಾಕ್ಟರು ಒಂದು ಚೀಟಿಯ ಹಿಂದೆ ಬಸ್ಸಿನ ಚಿತ್ರ ಬರೆದು ವಿವರಿಸಿದರು. ರಕ್ತದಲ್ಲಿರುವ ಕಾರ್ಟಿಸಾಲ್‌ನಲ್ಲಿ ಹೆಚ್ಚಿನ ಪಾಲು ಸಿಬಿಜಿ ಅನ್ನೋ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಬಸ್ಸಿನಲ್ಲಿ ಕೂತವರ ಹಾಗೆ. ಕೆಲಸ ಮಾಡೋದು ಬಸ್ಸಿನಿಂದ ಇಳಿದವರು ಮಾತ್ರ, ನೂರಕ್ಕೆ ಐದೋ ಆರೋ. ತಂಗಿಯ ಪೀರಿಯಡ್ಸ್ ಮಾತ್ರೆಯಲ್ಲಿರೋದು ಈಸ್ಟ್ರೋಜನ್ ಹಾರ್ಮೋನ್. ಅದು ಹೊಟ್ಟೆಯಿಂದ ನೇರ ಲಿವರ್‌ಗೆ ಹೋಗುತ್ತದೆ, ಲಿವರ್ ಆಗ ಸಿಬಿಜಿಯನ್ನು ಜಾಸ್ತಿ ಮಾಡುತ್ತದೆ. ಅಂದರೆ ಬಸ್ಸುಗಳು ಹೆಚ್ಚಾದವು, ಕೂತವರೂ ಹೆಚ್ಚಾದರು. ಇಳಿದವರು ಮಾತ್ರ ಹೆಚ್ಚುಕಡಿಮೆ ಅಷ್ಟೇ. ಸಾಮಾನ್ಯ ರಕ್ತ ಪರೀಕ್ಷೆ ಎಲ್ಲರನ್ನೂ ಸೇರಿಸಿ ಎಣಿಸುತ್ತದೆ. ಡೆಕ್ಸಾಮೆಥಸೋನ್ ಪರೀಕ್ಷೆಯಲ್ಲೂ ಎಣಿಸೋದು ಇದೇ ಒಟ್ಟು ಲೆಕ್ಕ, ಹಾಗಾಗಿ ಈ ಮಾತ್ರೆ ತಗೊಳ್ಳುವ ಹೆಂಗಸರಲ್ಲಿ ಅದು ಸುಮಾರು ಅರ್ಧದಷ್ಟು ಜನರಿಗೆ ಸುಳ್ಳು ಹೇಳಬಹುದಂತೆ.

ಎಂಜಲಿಗೆ ಬರೋದು ಇಳಿದವರು ಮಾತ್ರ. ಅದಕ್ಕೇ ಎರಡು ರಾತ್ರಿ, 11 ಗಂಟೆಗೆ, ಊಟ ಮುಗಿದು ಬಹಳ ಹೊತ್ತಾದ ಮೇಲೆ, ಹಲ್ಲುಜ್ಜದೆ ಒಂದು ಹತ್ತಿ ತುಂಡನ್ನು ಬಾಯಲ್ಲಿಟ್ಟು ಕೊಡಲು ಹೇಳಿದರು. ಉಜ್ಜಿದರೆ ವಸಡಿನಿಂದ ರಕ್ತ ಬಂದು ಲೆಕ್ಕ ಕೆಡುತ್ತದೆ. ಆರೋಗ್ಯವಂತರಲ್ಲಿ ಆ ಹೊತ್ತಿಗೆ ಕಾರ್ಟಿಸಾಲ್ ತೀರಾ ಕಡಿಮೆ ಇರಬೇಕು, ಕುಶಿಂಗ್ಸ್‌ನಲ್ಲಿ ಇಳಿಯುವುದಿಲ್ಲ. ನಿನ್ನೆ ರಿಪೋರ್ಟ್ ಬಂತು, ಎರಡೂ ರಾತ್ರಿ ನಾರ್ಮಲ್. ಜೊತೆಗೆ ಕೊಟ್ಟಿದ್ದ 24 ಗಂಟೆಯ ಮೂತ್ರದ ಫ್ರೀ ಕಾರ್ಟಿಸಾಲ್ ಕೂಡ ನಾರ್ಮಲ್. ರಕ್ತದಲ್ಲೇ ಮತ್ತೆ ನೋಡಬೇಕಾದರೆ ಮಾತ್ರೆ ಆರು ವಾರ ನಿಲ್ಲಿಸಿ ನೋಡೋಣ, ಆದರೆ ನೀನಾಗಿ ನಿಲ್ಲಿಸಬೇಡ ಅಂದಿದ್ದಾರೆ.

ಸ್ಕ್ಯಾನ್ ತಪ್ಪಿತು ಅಂತ ನಾವು ಖುಷಿಯಲ್ಲಿದ್ದಾಗ ಅವರು ಇನ್ನೊಂದು ಮಾತು ಹೇಳಿದರು. ನನಗೆ ನಿಜವಾಗಿ ಹೆದರಿಕೆ ಆಗಿದ್ದು ಆಗ. ಕಾರ್ಟಿಸಾಲ್ ಕಡಿಮೆ ಇರುವವರು ಈ ಮಾತ್ರೆ ತಗೊಂಡರೆ ಒಟ್ಟು ಲೆಕ್ಕ ಚೆನ್ನಾಗಿಯೇ ಕಾಣಬಹುದು, ಕಾಯಿಲೆ ಹಾಗೇ ಮುಚ್ಚಿಹೋಗಬಹುದು. ಅಂಥವರಿಗೆ ಯಾರೂ ಎರಡನೇ ಪ್ರಶ್ನೆ ಕೇಳದಿದ್ದರೆ?

ತಂಗಿ ಏನನ್ನೂ ಬಚ್ಚಿಡಲಿಲ್ಲ. ಅವಳ ಮಟ್ಟಿಗೆ ಮಾತ್ರೆ ಅಂದರೆ ಕಾಯಿಲೆಗೆ ತಗೊಳ್ಳೋದು. ಮೊದಲ ಆಸ್ಪತ್ರೆಯ ಚೀಟಿಯನ್ನು ನಿನ್ನೆ ಮತ್ತೆ ತೆಗೆದು ನೋಡಿದೆ. 'ಈಗ ತೆಗೆದುಕೊಳ್ಳುತ್ತಿರುವ ಔಷಧ' ಅನ್ನೋ ಜಾಗದಲ್ಲಿ ಒಂದು ಗೆರೆ ಎಳೆದಿದ್ದಾರೆ, ಅಷ್ಟೇ.