ಅಜ್ಜಿಯ ಫೋಟೋಗೆ ಬಣ್ಣ, ಮೂರನೇ ತಿಂಗಳು: ಸೀರೆ ಹಸಿರಲ್ಲ

ಹೋದ ಸಲ ಸೀರೆಗೆ ಗಾಢ ಹಸಿರು ಬಳಿದು ಮುಗಿಸಿದ್ದೆ. ಅದನ್ನೆಲ್ಲ ಈ ತಿಂಗಳು ಅಳಿಸಿದ್ದೇನೆ.

ಹೊಸಬರಿಗೆ ಹೇಳಿಬಿಡ್ತೀನಿ. ಇದು ನಮ್ಮ ಅಜ್ಜ ಅಜ್ಜಿ ಬಾಗಲಕೋಟೆ ಕಡೆ ತೆಗೆಸಿದ ಫೋಟೋ. ರಟ್ಟಿನ ಹಿಂದೆ ಇಂಕಿನಲ್ಲಿ 1936 ಅಂತ ಬರೆದಿದೆ. ಅಜ್ಜ ಕುರ್ಚಿಯಲ್ಲಿ, ಅಜ್ಜಿ ಪಕ್ಕದಲ್ಲಿ ನಿಂತಿದ್ದಾಳೆ. ಹಸಿರು ಬಳಿದದ್ದು ನಮ್ಮ ಸೋದರತ್ತೆಯ ಮಾತಿನ ಮೇಲೆ. "ಮದವಿ ಸೀರಿ ಅಂದ್ರ ಹಸರನ ಇರತೈತಪಾ" ಅಂದಿದ್ದಳು. ಫೋಟೋ ತೆಗೆಸುವಾಗ ಅವಳು ಇನ್ನೂ ಹುಟ್ಟಿರಲಿಲ್ಲ ಅನ್ನೋದು ನನಗೆ ಆಮೇಲೆ ಹೊಳೆಯಿತು.

ತಪ್ಪು ಗೊತ್ತಾಗಿದ್ದು ಕುಂಕುಮದಿಂದ. ಸ್ಕ್ಯಾನ್‌ನಲ್ಲಿ ಕಪ್ಪಿಗೆ 0, ಬಿಳಿಗೆ 255 ಇರುತ್ತೆ. ಅಜ್ಜಿಯ ಕೂದಲು 22, ಹಣೆಯ ಕುಂಕುಮ 25. ಕೆಂಪು ಕುಂಕುಮ ಕೂದಲಷ್ಟೇ ಕಪ್ಪಾಗಿ ಬಂದಿದೆ ಅಂದರೆ, ಆ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಇಂಥದ್ದಕ್ಕೆ ಆರ್ಥೋಕ್ರೊಮ್ಯಾಟಿಕ್ ಅಂತಾರೆ. ನೀಲಿ ಮತ್ತು ಹಸಿರು ಬೆಳಕು ಮಾತ್ರ ಅದರ ಮೇಲೆ ಅಚ್ಚಾಗುತ್ತೆ. ಎಲ್ಲ ಬಣ್ಣ ಹಿಡಿಯುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಆಗಿದ್ದರೆ ಕುಂಕುಮ ನಡುವಣ ಬೂದು ಆಗಿ ಬರಬೇಕಿತ್ತು. ಹಾಗಾಗಿ ನಮ್ಮ ಕಣ್ಣಿಗೆ ಗಾಢ ಅನಿಸುವ ನೀಲಿ ಇಲ್ಲಿ ತಿಳಿಯಾಗಿ ಬರುತ್ತೆ, ಕಣ್ಣು ಕುಕ್ಕುವ ಕೆಂಪು ಕಪ್ಪಾಗುತ್ತೆ. ಕಪ್ಪಗೆ ಕಂಡದ್ದೆಲ್ಲ ಕಪ್ಪಲ್ಲ.

ಸೆರಗಿಗೆ ಇದರಿಂದ ಉತ್ತರ ಸಿಕ್ಕಿತು. ಕಪ್ಪು ನೆಲದ ಮೇಲೆ ಹಣಿಗೆಯ ಹಲ್ಲಿನಂಥ ಬಿಳಿ ಗೆರೆಗಳಿವೆ, ಅಂದರೆ ಇಳಕಲ್ ಸೀರೆಯ ತೋಪ ತೆನಿ ಸೆರಗು. ಅದರ ನೆಲ ಸಾಮಾನ್ಯವಾಗಿ ಕೆಂಪು ರೇಷ್ಮೆ. ಫೋಟೋದಲ್ಲಿ 31 ಇದೆ, ಕುಂಕುಮದ ಹತ್ತಿರವೇ. ಅದನ್ನು ಕೆಂಪು ಮಾಡಲು ಯೋಚನೆ ಮಾಡಬೇಕಿರಲಿಲ್ಲ.

ಕಷ್ಟ ಬಂದದ್ದು ಸೀರೆಯ ಒಡಲಿಗೆ. ಅದು 142. ಮನೆಯಲ್ಲಿದ್ದ ಬೇರೆ ಬೇರೆ ಬಣ್ಣದ ಬಟ್ಟೆಗಳನ್ನು ಒಂದು ಬಿಳಿ ಪಂಚೆಯ ಮೇಲೆ ಹರವಿ, ಕಿಟಕಿ ಬೆಳಕಲ್ಲಿ ಫೋಟೋ ತೆಗೆದೆ. ಫೋಟೋ ತಿದ್ದುವ ತಂತ್ರಾಂಶ GIMP ನಲ್ಲಿ, ಬೂದು ಮಾಡುವಾಗ ಯಾವ ಬಣ್ಣದ ಬೆಳಕಿಗೆ ಎಷ್ಟು ಪಾಲು ಅಂತ ಹೇಳುವ `Mono Mixer` ತೆರೆದು ಹೀಗೆ ಕೊಟ್ಟೆ:

```
Red   0.0
Green 0.4
Blue  0.6
```

ಇದು ಹಳೇ ಫಿಲ್ಮಿನ ಸರಿಯಾದ ನಕಲು ಅಲ್ಲ, ಅಂದಾಜು. ಆದರೂ ನನ್ನ ಗಾಢ ಹಸಿರು ಬಟ್ಟೆ 60ಕ್ಕೆ ಇಳಿಯಿತು. 142 ಎಲ್ಲಿ, 60 ಎಲ್ಲಿ? ಹಸಿರು ಬಿತ್ತು ಅಂತ ಖುಷಿಪಟ್ಟೆ. ಆದರೆ ನೀಲಿ 130, ಗುಲಾಬಿ 148, ಮತ್ತೆ ಗಿಳಿ ಹಸಿರು 133! ಗುಲಾಬಿಯಲ್ಲೂ ನೀಲಿ ಬೆಳಕಿನ ಪಾಲು ಜಾಸ್ತಿ ಇರುತ್ತಲ್ವಾ, ಅದಕ್ಕೇ ಅದು ಕೆಂಪಿನ ಹಾಗೆ ಕಪ್ಪಾಗಲಿಲ್ಲ. ಬೂದಿನ ಲೆಕ್ಕ ಒಂದರಿಂದಲೇ, ಒಡಲಿಗೆ ಹೊಂದುವ ಬಣ್ಣಗಳು ಈ ಮೂರಕ್ಕಿಂತ ಕಡಿಮೆ ಆಗಲೇ ಇಲ್ಲ.

ಸ್ಕ್ಯಾನನ್ನು 1200 ಡಿಪಿಐಗೆ ಏರಿಸಿ ಮತ್ತೆ ನೋಡಿದೆ. ಒಡಲಿನ ತುಂಬಾ ಸಣ್ಣ ಚೌಕ. ಚೌಕದ ಗೆರೆ ಒಂಟಿ ಅಲ್ಲ, ಜೋಡಿ. ಎರಡು ಬಿಳಿ ಎಳೆ, ನಡುವೆ ಕೂದಲೆಳೆಯಷ್ಟು ಜಾಗ. ಫೋಟೋದಲ್ಲಿ ಅಜ್ಜಿಯ ಮೊಣಕೈ ಹತ್ತಿರ ಇದು ಸ್ಪಷ್ಟವಾಗಿ ಕಾಣುತ್ತೆ, ಅಲ್ಲಿ ಮಡಿಕೆ ಇಲ್ಲ.

ಇದನ್ನು ಅತ್ತೆಗೆ ಫೋನಿನಲ್ಲಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿ, "ಅಟ್ಟದ ಮ್ಯಾಲಿನ ಕೌದಿ ನೋಡು" ಅಂದಳು. ಹಳೇ ಸೀರೆಗಳನ್ನೆಲ್ಲ ಕತ್ತರಿಸಿ ಹೊಲಿದ ಕೌದಿ. ಅದರ ಅಂಚಿನ ಹತ್ತಿರ ಅಂಗೈ ಅಗಲದ ಒಂದು ತುಂಡು ಸಿಕ್ಕಿತು. ಅದೇ ಜೋಡಿ ಗೆರೆಯ ಚೌಕ, ಆದರೆ ಮೇಲ್ಗಡೆ ಒಗೆದು ಒಗೆದು ಬೂದಿಯ ಹಾಗಾಗಿತ್ತು. ಆ ಬಣ್ಣ ನಂಬಿದ್ದರೆ ಮತ್ತೆ ಮೋಸ ಹೋಗ್ತಿದ್ದೆ. ಅತ್ತೆಯೇ ಸೂಜಿಯಿಂದ ನಾಲ್ಕು ಹೊಲಿಗೆ ಬಿಚ್ಚಿದಳು. ಒಳಕ್ಕೆ ಮಡಚಿದ್ದ ಅಂಚಿಗೆ ಬಿಸಿಲು ಬಿದ್ದೇ ಇರಲಿಲ್ಲ. ಅಲ್ಲಿ ಬೆರಳಿನ ಅರ್ಧದಷ್ಟು ಅಗಲ, ಒಳ್ಳೇ ನೀಲಿ. ಅದನ್ನೇ ಪಂಚೆಯ ಮೇಲಿಟ್ಟು ಅಳೆದಾಗ 137 ಬಂತು.

ಅದೇ ಸೀರೆ ಅಂತ ಆಣೆ ಮಾಡಲಾರೆ. ಅದೇ ನೇಯ್ಗೆಯ ಸೀರೆ ಮನೆಯಲ್ಲಿ ಎರಡು ಇದ್ದಿರಬಹುದು. ಆದರೂ ಒಡಲಿಗೆ ನೀಲಿ ಬಳಿದಿದ್ದೇನೆ. "ಹಂಗಾರ ಹಸರು ಯಾರದು?" ಅಂತ ಅತ್ತೆ ಇನ್ನೂ ಕೇಳ್ತಿದ್ದಾಳೆ.

ಉಳಿದದ್ದು ಅಜ್ಜನ ರುಮಾಲು. 27. ಕೆಂಪು, ಕಪ್ಪು, ಕಂದು, ಯಾವುದೂ ಆಗಬಹುದು. ಈ ಫಿಲ್ಮಿನಲ್ಲಿ ಮೂರೂ ಒಂದೇ. ಕೌದಿಯಲ್ಲಿ ರುಮಾಲಿನ ತುಂಡು ಇಲ್ಲ. ಸದ್ಯಕ್ಕೆ ಕೆಂಪಿನದೊಂದು, ಕಪ್ಪಿನದೊಂದು ಎರಡು ಫೈಲ್ ಮಾಡಿ ಇಟ್ಟಿದ್ದೇನೆ. ಮುಂದಿನ ತಿಂಗಳು ಕುಪ್ಪಸದ ಖಣಕ್ಕೆ ಕೈ ಹಾಕ್ತೀನಿ.